ತಕ್ಕಡಿ, ಎಂಆರ್‌ಪಿ, ಪೊಟ್ಟಣದ ತೂಕ: ಪದೇ ಪದೇ ಕೇಳುವ ಪ್ರಶ್ನೆಗಳು

ಕಿರಾಣಿ ಅಂಗಡಿ, ತರಕಾರಿ ಗಾಡಿ, ಬೇಕರಿ, ಕೋಳಿ ಅಂಗಡಿ. ದಿನಸಿ ಕೊಳ್ಳುವ ಇಂಥ ಜಾಗಗಳಲ್ಲಿ ತೂಕದ ಬಗ್ಗೆ ಮತ್ತು ಬೆಲೆಯ ಬಗ್ಗೆ ಜನ ಕೇಳುವ ಪ್ರಶ್ನೆಗಳು ಇಲ್ಲಿವೆ. ಕಾನೂನು ದೇಶಕ್ಕೆಲ್ಲ ಒಂದೇ: 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆ ಮತ್ತು ಪೊಟ್ಟಣಗಳಿಗಾಗಿ 2011ರಲ್ಲಿ ಬಂದ ನಿಯಮಗಳು. ಉದಾಹರಣೆಗಳು ಮಾತ್ರ ನಮ್ಮ ಕಡೆಯವು.

ಎಲೆಕ್ಟ್ರಾನಿಕ್ ತಕ್ಕಡಿ ಬಂದ ಮೇಲೂ ತೂಕದಲ್ಲಿ ಮೋಸ ಆಗುತ್ತದೆಯೇ?

ಆಗುತ್ತದೆ. ಆದರೆ ಬಹುಪಾಲು ಮೋಸ ಯಂತ್ರದ ಒಳಗಿರುವುದಿಲ್ಲ, ತೂಗುವ ಕೈಯಲ್ಲಿರುತ್ತದೆ. ಹಾಗಾಗಿ ಅದನ್ನು ಕಣ್ಣಿನಲ್ಲೇ ಹಿಡಿಯಬಹುದು.

ಮೊದಲು ನೋಡಬೇಕಾದ್ದು ಸೊನ್ನೆ. ತಟ್ಟೆ ಖಾಲಿ ಇದ್ದಾಗ 0.000 ಇರಬೇಕು. ಅಲ್ಲಿ 0.030 ಅಂತಿದ್ದರೆ ನೀವು ಕೊಳ್ಳುವ ಪ್ರತಿ ಸಾಮಾನಿನಲ್ಲೂ 30 ಗ್ರಾಂ ಹೋಯಿತು. ಕಾಲು ಕೆಜಿ ಬೀನ್ಸ್ ತಗೊಂಡರೂ ಅಷ್ಟೇ, ಎರಡು ಕೆಜಿ ಈರುಳ್ಳಿ ತಗೊಂಡರೂ ಅಷ್ಟೇ. ಸ್ವಲ್ಪ ಸ್ವಲ್ಪ ಕೊಳ್ಳುವವರಿಗೇ ಪೆಟ್ಟು ಜಾಸ್ತಿ.

ಎರಡನೆಯದು ಬುಟ್ಟಿ. ಸಾಮಾನು ತುಂಬಲು ಪ್ಲಾಸ್ಟಿಕ್ ಬುಟ್ಟಿಯನ್ನೋ ಸ್ಟೀಲ್ ಬೋಗುಣಿಯನ್ನೋ ಇಟ್ಟರೆ ಅದರ ತೂಕವನ್ನು ಕಳೆಯಬೇಕು. ಅದಕ್ಕೆ ತಕ್ಕಡಿಯಲ್ಲೇ ‘ಟೇರ್’ ಅನ್ನುವ ಬಟನ್ ಇರುತ್ತದೆ. ಖಾಲಿ ಬುಟ್ಟಿ ಇಟ್ಟು ಬಟನ್ ಒತ್ತಿದರೆ ಮತ್ತೆ 0.000 ಬರುತ್ತದೆ, ಆಮೇಲೆ ಸಾಮಾನು ಹಾಕಬೇಕು. ಸರಿಯಾಗಿ ಮಾಡಿದ್ದಾರೋ ಇಲ್ಲವೋ ಅಂತ ಕೊನೆಯಲ್ಲೂ ತಿಳಿಯಬಹುದು. ತೂಕವಾದ ಮೇಲೆ ಬುಟ್ಟಿ ಸಮೇತ ಎತ್ತಿದಾಗ ಪರದೆಯಲ್ಲಿ ಮೈನಸ್ ಅಂಕಿ ಬಂದರೆ ಬುಟ್ಟಿಯ ತೂಕ ಕಳೆದಿದ್ದಾರೆ ಎಂದರ್ಥ. ಮೈನಸ್ ನೋಡಿ ಗಾಬರಿಯಾಗುವವರಿದ್ದಾರೆ, ಆದರೆ ಅದು ಒಳ್ಳೆಯ ಲಕ್ಷಣ. ಬುಟ್ಟಿ ಎತ್ತಿದ ಮೇಲೆ ಸೊನ್ನೆಯೇ ಬಂದರೆ ನೀವು ಬುಟ್ಟಿಗೂ ದುಡ್ಡು ಕೊಟ್ಟಿದ್ದೀರಿ.

ಮೂರನೆಯದು ಅವಸರ. ಆಲೂಗಡ್ಡೆಯನ್ನು ಮೇಲಿನಿಂದ ದಬಕ್ಕನೆ ಸುರಿದರೆ ಅಂಕಿ ಒಂದು ಕ್ಷಣ ಮೇಲೇರಿ ಆಮೇಲೆ ಇಳಿದು ನಿಲ್ಲುತ್ತದೆ. ಏರಿದಾಗಲೇ ‘ಆಯ್ತು, ಒಂದು ಕೆಜಿ’ ಎಂದು ಎತ್ತಿಬಿಡುವವರಿದ್ದಾರೆ. ‘ಅಣ್ಣಾ, ನಿಲ್ಲಲಿ ತಡಿ’ ಅಂದರೆ ಸಾಕು.

ಬೆಲೆಯನ್ನೂ ತೋರಿಸುವ ತಕ್ಕಡಿಯಾದರೆ ಪರದೆಯಲ್ಲಿ ಮೂರು ಅಂಕಿಗಳಿರುತ್ತವೆ: ತೂಕ, ಕೆಜಿಯ ದರ, ಒಟ್ಟು. ನಾವು ಮೊದಲನೆಯದನ್ನೂ ಕೊನೆಯದನ್ನೂ ನೋಡುತ್ತೇವೆ, ಮಧ್ಯದ್ದನ್ನು ಬಿಡುತ್ತೇವೆ. ಬೋರ್ಡಿನಲ್ಲಿ 45 ಇದ್ದು ಅಲ್ಲಿ 48 ಒತ್ತಿದ್ದರೆ ತೂಕ ಎಷ್ಟು ಸರಿಯಿದ್ದರೂ ಏನು ಬಂತು? ಬೋರ್ಡಿನ ಮಾತು ಬಂದಿದ್ದರಿಂದ ಇದೂ ಇರಲಿ: ‘ಟೊಮ್ಯಾಟೊ 20’ ಎಂದು ದೊಡ್ಡದಾಗಿ ಬರೆದು ಮೂಲೆಯಲ್ಲಿ ಇರುವೆಯಷ್ಟು ಸಣ್ಣಗೆ ‘ಅರ್ಧ ಕೆಜಿ’ ಎಂದಿರುವ ಬೋರ್ಡುಗಳು ಈಗ ಊರೆಲ್ಲಾ ಇವೆ.

ಇದೆಲ್ಲ ನೋಡಬೇಕಾದರೆ ಪರದೆ ನಿಮ್ಮ ಕಡೆಗೂ ಕಾಣಬೇಕು. ತಿರುಗಿಸಿಡಲು ಹೇಳಿ, ಅದರಲ್ಲಿ ಸಂಕೋಚ ಬೇಡ.

ತಕ್ಕಡಿಗೆ ಸರ್ಕಾರದ ಮುದ್ರೆ ಇದೆಯೋ ಇಲ್ಲವೋ ಹೇಗೆ ಗೊತ್ತಾಗುತ್ತದೆ?

ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯನ್ನು 12 ತಿಂಗಳಿಗೊಮ್ಮೆ ಕಾನೂನು ಮಾಪನಶಾಸ್ತ್ರ ಇಲಾಖೆಯವರು ಪರೀಕ್ಷಿಸಿ ಮುದ್ರೆ ಹಾಕಬೇಕು. ಜನರ ಬಾಯಲ್ಲಿ ಇದಕ್ಕೆ ಈಗಲೂ ತೂಕ ಮತ್ತು ಅಳತೆ ಇಲಾಖೆ ಎಂದೇ ಹೆಸರು. ತಕ್ಕಡಿಯ ಮೈಗೆ ತಂತಿ ಪೋಣಿಸಿ ಸೀಸದ ಸೀಲ್ ಒತ್ತಿರುತ್ತಾರೆ. ಅದರಲ್ಲಿ ವರ್ಷ ಇರುತ್ತದೆ. ಜೊತೆಗೆ ವರ್ಷದ ಯಾವ ಮೂರು ತಿಂಗಳಲ್ಲಿ ಪರೀಕ್ಷೆಯಾಯಿತು ಎಂದು ಹೇಳುವ ಎ, ಬಿ, ಸಿ, ಡಿ ಅಕ್ಷರಗಳಲ್ಲಿ ಒಂದಿರುತ್ತದೆ. ಪರೀಕ್ಷೆಯ ಪ್ರಮಾಣಪತ್ರವನ್ನು ಅಂಗಡಿಯಲ್ಲಿ ಎಲ್ಲರಿಗೂ ಕಾಣುವ ಕಡೆ ತೂಗುಹಾಕಬೇಕು. ಸೀಲ್ ಹುಡುಕುವುದಕ್ಕಿಂತ ಇದನ್ನು ನೋಡುವುದೇ ಸುಲಭ. ದೇವರ ಪಟದ ಪಕ್ಕ ಹುಡುಕಿದರೆ ಸಾಮಾನ್ಯವಾಗಿ ಸಿಗುತ್ತದೆ.

ಆನ್‌ಲೈನಿನಲ್ಲಿ ಕೆಲವೇ ನೂರು ರೂಪಾಯಿಗೆ ಸಿಗುವ ಅಡುಗೆಮನೆ ತಕ್ಕಡಿಗೂ ಕೊಕ್ಕೆಯ ತಕ್ಕಡಿಗೂ ಈ ಮುದ್ರೆ ಇರುವುದಿಲ್ಲ. ಮುದ್ರೆಯಿಲ್ಲದ ತಕ್ಕಡಿಯಲ್ಲಿ ವ್ಯಾಪಾರ ಮಾಡುವಂತಿಲ್ಲ.

ಸೀಲ್ ಇದೆ, ಸೊನ್ನೆಯೂ ಸರಿ ಇದೆ. ಆದರೂ ಅನುಮಾನ. ಏನು ಮಾಡಲಿ?

ಅದೇ ಅಂಗಡಿಯಿಂದ ಸೀಲ್ ಒಡೆಯದ ಒಂದು ಲೀಟರ್ ನೀರಿನ ಬಾಟಲಿ ಕೇಳಿ ತಕ್ಕಡಿಯ ಮೇಲಿಡಿ. ಒಂದು ಲೀಟರ್ ನೀರು ಹೆಚ್ಚುಕಡಿಮೆ ಒಂದು ಕೆಜಿ ತೂಗುತ್ತದೆ. ಖಾಲಿ ಬಾಟಲಿ ಮತ್ತು ಮುಚ್ಚಳ ಸುಮಾರು 20ರಿಂದ 30 ಗ್ರಾಂ. ತುಂಬುವಾಗ ಆಗುವ ಸಣ್ಣ ಹೆಚ್ಚುಕಡಿಮೆ ಸೇರಿದರೂ ಪರದೆಯಲ್ಲಿ 1.010ರಿಂದ 1.050ರ ಒಳಗೆ ಬರಬೇಕು. 1.120 ಬಂದರೆ ತಕ್ಕಡಿಯನ್ನೇ ಕೆಡಿಸಿದ್ದಾರೆ ಎಂದು ಧೈರ್ಯವಾಗಿ ಅನುಮಾನಿಸಬಹುದು.

ಇದನ್ನು ಮಾಡುವ ಸಮಯ ಮುಖ್ಯ. ಯಾವುದೋ ಬಟನ್ ಒತ್ತಿದಾಗ ಮಾತ್ರ ಹೆಚ್ಚು ತೋರಿಸುವಂತೆ ತಕ್ಕಡಿಯನ್ನು ತಿದ್ದಿರುವುದುಂಟು. ನಿಮ್ಮ ಸಾಮಾನು ಇಳಿಸಿದ ಕೂಡಲೇ, ಅಂಗಡಿಯವರು ಏನನ್ನೂ ಒತ್ತುವ ಮೊದಲೇ ಬಾಟಲಿ ಇಡಬೇಕು. ಹತ್ತಿಪ್ಪತ್ತು ಗ್ರಾಂ ವ್ಯತ್ಯಾಸ ಈ ಪರೀಕ್ಷೆಗೆ ಸಿಗುವುದಿಲ್ಲ. ಆದರೆ ಕೆಜಿಗೆ ನೂರು ಗ್ರಾಂ ತಿನ್ನುವ ತಕ್ಕಡಿ ಖಂಡಿತ ಸಿಕ್ಕಿಬೀಳುತ್ತದೆ.

ಏಲಕ್ಕಿ, ಲವಂಗ, ಗೋಡಂಬಿಯನ್ನು ಅದೇ ದೊಡ್ಡ ತಕ್ಕಡಿಯಲ್ಲಿ ತೂಗಿದರೆ ಪರವಾಗಿಲ್ವಾ?

ಪರವಾಗಿದೆ! ತಕ್ಕಡಿಯ ಮೇಲೆ ಒಂದು ಸಣ್ಣ ಪಟ್ಟಿ ಇರುತ್ತದೆ, ಅದನ್ನು ಓದಿ. ಎಷ್ಟೋ ಕಿರಾಣಿ ಅಂಗಡಿಗಳಲ್ಲಿರುವುದು ‘ಮ್ಯಾಕ್ಸ್ 30 ಕೆಜಿ, ಮಿನ್ 100 ಗ್ರಾಂ’ ಎಂದಿರುವ ತಕ್ಕಡಿ. ಪಕ್ಕದಲ್ಲಿ ಇಂಗ್ಲಿಷಿನ ಸಣ್ಣಕ್ಷರದ ‘ಇ’ ಇದ್ದು, ಅದರ ಮುಂದೆ 5 ಗ್ರಾಂ ಎಂದಿರುತ್ತದೆ. ಅಂದರೆ ಇದು ಐದೈದು ಗ್ರಾಂ ಲೆಕ್ಕದಲ್ಲಿ ತೂಗುವ ಯಂತ್ರ. 100 ಗ್ರಾಂಗಿಂತ ಕಡಿಮೆ ತೂಗಲು ಅದನ್ನು ಮಾಡಿಯೇ ಇಲ್ಲ.

ಬಳಕೆಯಲ್ಲಿರುವ ಇಂಥ ತಕ್ಕಡಿ ಒಂದು ಕೆಜಿಯಲ್ಲಿ 5 ಗ್ರಾಂ ಆಚೀಚೆ ಆದರೂ ಕಾನೂನಿನ ಪ್ರಕಾರ ಸರಿಯೇ. ಒಂದು ಕೆಜಿ ಸಕ್ಕರೆಯಲ್ಲಿ ಅದು ಲೆಕ್ಕಕ್ಕೆ ಬರುವುದಿಲ್ಲ. ಆದರೆ ಕೆಜಿಗೆ 3,000 ರೂಪಾಯಿಯ ಏಲಕ್ಕಿಯನ್ನು 50 ಗ್ರಾಂ ಕೊಂಡಿರಿ ಅಂದುಕೊಳ್ಳಿ. 150 ರೂಪಾಯಿಯ ಸಾಮಾನಿನಲ್ಲಿ 5 ಗ್ರಾಂ ಅಂದರೆ 15 ರೂಪಾಯಿ. ಇಲ್ಲಿ ಯಾರೂ ಮೋಸ ಮಾಡಿಲ್ಲ, ತಕ್ಕಡಿಯೇ ಆ ಕೆಲಸಕ್ಕಲ್ಲ. ಮಸಾಲೆ ಸಾಮಾನಿಗೆ ಒಂದು ಗ್ರಾಂ ಲೆಕ್ಕದ ಸಣ್ಣ ತಕ್ಕಡಿ ಇರುವ ಅಂಗಡಿ ನೋಡಿಕೊಳ್ಳಿ, ಇಲ್ಲವೇ ತೂಕ ಅಚ್ಚಾದ ಪೊಟ್ಟಣ ತಗೊಳ್ಳಿ.

ಗಾಡಿಯವರ ಕೈತಕ್ಕಡಿ ನಂಬಬಹುದಾ?

ಕಲ್ಲಿಟ್ಟು ತೂಗಿದರೆ ಬೇಡ. ಕಬ್ಬಿಣದ ಬಟ್ಟಾದರೆ ಮಗುಚಿ ನೋಡಿ. ತಳದ ಗುಳಿಯಲ್ಲಿ ಸೀಸ ತುಂಬಿ ಅದರ ಮೇಲೆ ಮುದ್ರೆ ಒತ್ತಿರುತ್ತಾರೆ. ಬಟ್ಟಿಗೂ ಕೈತಕ್ಕಡಿಗೂ ಎರಡು ವರ್ಷಕ್ಕೊಮ್ಮೆ ಮುದ್ರೆ. ಗುಳಿ ಖಾಲಿಯಿದ್ದರೆ ಸೀಸ ಬಿದ್ದುಹೋಗಿದೆ ಅಥವಾ ಯಾರೋ ತೆಗೆದಿದ್ದಾರೆ, ಹೇಗಾದರೂ ತೂಕ ಕಡಿಮೆ.

ತಕ್ಕಡಿಯದ್ದೇ ಅನುಮಾನವಾದರೆ ತಟ್ಟೆ ಅದಲುಬದಲು ಮಾಡಿಸಿ. ಸಾಮಾನು ಇದ್ದ ಕಡೆ ಬಟ್ಟು, ಬಟ್ಟು ಇದ್ದ ಕಡೆ ಸಾಮಾನು. ತಟ್ಟೆಯ ಕೆಳಗೆ ಅಯಸ್ಕಾಂತವೋ ಹುಣಸೆಹಣ್ಣೋ ಅಂಟಿದ್ದರೆ, ಅಥವಾ ದಂಡಿಗೆಯ ಒಂದು ಕಡೆ ಉದ್ದವಿದ್ದರೆ, ಈಗ ತಕ್ಕಡಿ ವಾಲುತ್ತದೆ.

ಸ್ವೀಟ್ ಅಂಗಡಿಯಲ್ಲಿ ಡಬ್ಬಿ ಸಮೇತ ತೂಗುತ್ತಾರೆ. ಅದು ಸರಿಯೇ?

ಸರಿಯಲ್ಲ. ತೂಕದ ಲೆಕ್ಕಕ್ಕೆ ಮಾರುವ ಸಾಮಾನಿನ ತೂಕ ಅಂದರೆ ಒಳಗಿನ ಸಾಮಾನಿನದ್ದು ಮಾತ್ರ.

ಲೆಕ್ಕ ಹಾಕಿ ನೋಡೋಣ. ಮೈಸೂರು ಪಾಕ್ ಕೆಜಿಗೆ 640 ರೂಪಾಯಿ, ನೀವು ಕೇಳಿದ್ದು ಅರ್ಧ ಕೆಜಿ. ಡಬ್ಬಿಯ ತೂಕ 60 ಗ್ರಾಂ ಎಂದಿಟ್ಟುಕೊಳ್ಳಿ. ಡಬ್ಬಿ ಸಮೇತ ಅರ್ಧ ಕೆಜಿ ತೂಗಿದರೆ ಒಳಗೆ ಬಂದದ್ದು 440 ಗ್ರಾಂ, ನೀವು ಕೊಟ್ಟದ್ದು 320 ರೂಪಾಯಿ. 38 ರೂಪಾಯಿ 40 ಪೈಸೆ ಡಬ್ಬಿಗೆ ಹೋಯಿತು. ಬೇರೆ ಥರ ಹೇಳಿದರೆ, 640ರ ಸಿಹಿಯನ್ನು ಕೆಜಿಗೆ 727 ರೂಪಾಯಿಯಂತೆ ಕೊಂಡಂತಾಯಿತು. ಕಾಜು ಬರ್ಫಿಯಾದರೆ ಇನ್ನೂ ಜಾಸ್ತಿ.

ದೀಪಾವಳಿಯ ನೂಕುನುಗ್ಗಲಿನಲ್ಲಿ ಯಾರೂ ನಿಂತು ಕೇಳುವುದಿಲ್ಲ ಅನ್ನುವುದೇ ಇದರ ಹಿಂದಿನ ಧೈರ್ಯ. ಖಾಲಿ ಡಬ್ಬಿ ಇಟ್ಟು ಸೊನ್ನೆ ಮಾಡಿ ಅಂತ ತುಂಬುವ ಮೊದಲೇ ಹೇಳಿಬಿಡಿ. ತುಂಬಿ ದಾರ ಕಟ್ಟಿದ ಮೇಲೆ ಜಗಳ ಬೇಡ. ಡಬ್ಬಿಗೆ ಬೇರೆ ಬೆಲೆ ಹಾಕುತ್ತೇವೆ ಅಂದರೆ ಅದು ಬೇರೆ ಮಾತು, ಆದರೆ ಮೈಸೂರು ಪಾಕಿನ ದರದಲ್ಲಿ ರಟ್ಟು ಮಾರುವಂತಿಲ್ಲ.

ಎರಡು ಕೆಜಿ ಕೋಳಿ ತಂದೆ, ಮನೆಗೆ ಬಂದು ನೋಡಿದರೆ ಒಂದೂಕಾಲು ಚಿಲ್ಲರೆ ಇದೆ. ಮೋಸ ಅಲ್ವಾ?

ನೀವು ಯಾವ ದರಕ್ಕೆ ಒಪ್ಪಿದಿರಿ ಅನ್ನುವುದರ ಮೇಲೆ ನಿಂತಿದೆ. ಜೀವದ ತೂಕಕ್ಕೆ ಒಂದು ದರ, ಚರ್ಮ ಸಮೇತ ಕ್ಲೀನ್ ಮಾಡಿದ ಮಾಂಸಕ್ಕೆ ಒಂದು, ಚರ್ಮ ತೆಗೆದದ್ದಕ್ಕೆ ಇನ್ನೊಂದು. ಎರಡು ಕೆಜಿಯ ಜೀವಂತ ಕೋಳಿಯಿಂದ ಸುಮಾರು 1.3ರಿಂದ 1.4 ಕೆಜಿ ಮಾಂಸ ಬರುತ್ತದೆ, ಚರ್ಮ ತೆಗೆದರೆ ಇನ್ನೂ ಸ್ವಲ್ಪ ಕಡಿಮೆ. ಜೀವದ ದರ ಕೊಟ್ಟಿದ್ದರೆ ನಿಮ್ಮ ಲೆಕ್ಕ ಸರಿಯಾಗಿಯೇ ಇದೆ. ಮಾಂಸದ ದರ ತಗೊಂಡು ಜೀವದ ತೂಕ ಹಾಕಿದ್ದರೆ ಮಾತ್ರ ಮೋಸ. ಮೀನಿಗೂ ಇದೇ ಮಾತು. ತೂಗುವ ಮೊದಲೇ ಯಾವ ದರ ಅಂತ ಕೇಳಿಬಿಡಿ.

ಅಂಗಡಿಯವರೇ ಕಟ್ಟಿಟ್ಟ ಬೇಳೆ, ಶೇಂಗಾ ಪೊಟ್ಟಣದ ಮೇಲೆ ಏನೂ ಬರೆದಿರುವುದಿಲ್ಲ. ಅದಕ್ಕೆ ನಿಯಮ ಇಲ್ಲವೇ?

ಇದೆ. ನಿಮ್ಮ ಎದುರಿಗೆ ತೂಗಿ ಕಟ್ಟಿಕೊಟ್ಟರೆ ಅದು ಬಿಡಿ ಸಾಮಾನು. ನೀವು ಬರುವ ಮೊದಲೇ ಇಂತಿಷ್ಟು ತೂಕ ಎಂದು ಕಟ್ಟಿಟ್ಟರೆ, ಪಿನ್ ಹೊಡೆದ ಪ್ಲಾಸ್ಟಿಕ್ ಕವರೇ ಆದರೂ, ಅದು ಕಾನೂನಿನ ಲೆಕ್ಕದಲ್ಲಿ ಪೊಟ್ಟಣವೇ. ಕಟ್ಟಿದವರ ಹೆಸರು ವಿಳಾಸ, ಸಾಮಾನಿನ ಹೆಸರು, ನಿವ್ವಳ ತೂಕ, ತಿಂಗಳು ವರ್ಷ, ಎಲ್ಲ ತೆರಿಗೆ ಸೇರಿದ ಎಂಆರ್‌ಪಿ, ದೂರಿಗೆ ಫೋನ್ ನಂಬರ್ ಇರಬೇಕು. ಏನೂ ಇಲ್ಲದಿದ್ದರೆ ನಿಮ್ಮೆದುರು ಮತ್ತೆ ತೂಗಿ ಕೊಡಿ ಎಂದು ಕೇಳಿ. ನಾನಂತೂ ಇಂಥ ಪೊಟ್ಟಣ ತೂಗಿಸದೆ ಒಯ್ಯುವುದಿಲ್ಲ.

ಒಂದು ಕೆಜಿ ಪ್ಯಾಕೆಟ್ ಮನೆಯಲ್ಲಿ ತೂಗಿದರೆ ಕಡಿಮೆ ಬಂತು. ದೂರು ಕೊಡಬಹುದೇ?

ಎಷ್ಟು ಕಡಿಮೆ ಅನ್ನುವುದು ಮುಖ್ಯ. ಯಂತ್ರದಲ್ಲಿ ತುಂಬುವಾಗ ಪ್ರತಿ ಪ್ಯಾಕೆಟ್ಟೂ ಕರಾರುವಾಕ್ಕಾಗಿ ಒಂದು ಕೆಜಿ ಬರುವುದಿಲ್ಲ. ಅದಕ್ಕೆ ನಿಯಮದಲ್ಲೇ ಒಂದಿಷ್ಟು ವಿನಾಯಿತಿ ಇಟ್ಟಿದ್ದಾರೆ. 100 ಗ್ರಾಂ ಪ್ಯಾಕೆಟ್ಟಿಗೆ 4.5 ಗ್ರಾಂ, 200 ಗ್ರಾಂಗೆ 9, ಅರ್ಧ ಕೆಜಿಗೂ ಒಂದು ಕೆಜಿಗೂ 15, 5 ಕೆಜಿಗೆ 75 ಗ್ರಾಂ. ಆದರೆ ಇದರ ಜೊತೆಗೇ ಇನ್ನೊಂದು ಷರತ್ತಿದೆ, ಅದು ಹೆಚ್ಚಿನವರಿಗೆ ಗೊತ್ತಿಲ್ಲ. ಒಂದು ಲಾಟಿನಿಂದ ತೆಗೆದ ಪ್ಯಾಕೆಟ್ಟುಗಳ ಸರಾಸರಿ ತೂಕ ಅಚ್ಚು ಹಾಕಿದ್ದಕ್ಕಿಂತ ಕಡಿಮೆ ಇರಬಾರದು. ಅಂದರೆ ವಿನಾಯಿತಿ ಇದೆ ಎಂದು ಎಲ್ಲದರಲ್ಲೂ ಹತ್ತು ಗ್ರಾಂ ಕಡಿಮೆ ತುಂಬುವಂತಿಲ್ಲ. ಒಂದರಲ್ಲಿ ಕಡಿಮೆಯಾದರೆ ಇನ್ನೊಂದರಲ್ಲಿ ಜಾಸ್ತಿ ಇರಲೇಬೇಕು.

ಹೀಗೆ ನೋಡಿ. ಒಂದು ಕೆಜಿ ತೊಗರಿಬೇಳೆ ಪ್ಯಾಕೆಟ್ ತಂದು ಒಡೆಯದೆ ತೂಗಿದಿರಿ. ಕವರ್ ಸೇರಿ 982 ಗ್ರಾಂ ಬಂತು. ಹೋದ ತಿಂಗಳ ಅದೇ ಕಂಪನಿಯ ಖಾಲಿ ಕವರ್ ತೂಗಿದರೆ 7 ಗ್ರಾಂ. ಹಾಗಾದರೆ ಬೇಳೆ 975, ಕೊರತೆ 25 ಗ್ರಾಂ. 15 ಗ್ರಾಂನ ಗೆರೆ ದಾಟಿತು.

ಆದರೆ ನಿಮ್ಮ ಅಡುಗೆಮನೆ ತಕ್ಕಡಿಯೇ ತಪ್ಪು ತೋರಿಸುತ್ತಿರಬಹುದು. ಪ್ಯಾಕೆಟ್ ಹಿಡಿದುಕೊಂಡು ಅಂಗಡಿಗೆ ಹೋಗಿ. ತೆರಿಗೆ ನೋಂದಣಿ ಇರುವ ಚಿಲ್ಲರೆ ಅಂಗಡಿಯವರು ಗ್ರಾಹಕರು ಪ್ಯಾಕೆಟ್ ತೂಗಿ ನೋಡಲೆಂದೇ ಒಂದು ಗ್ರಾಂ ಲೆಕ್ಕದ ಎಲೆಕ್ಟ್ರಾನಿಕ್ ತಕ್ಕಡಿಯನ್ನು ಎದುರಿಗೆ ಇಡಬೇಕು, ಅದೂ ಪುಕ್ಕಟೆಯಾಗಿ, ಚೀಟಿ ಬರುವ ಹಾಗೆ. ನಿಯಮದಲ್ಲಿ ಹೀಗೇ ಇದೆ. ಎಷ್ಟು ಕಡೆ ಇಟ್ಟಿದ್ದಾರೆ ಅಂತ ನೀವೇ ನೋಡಿಕೊಳ್ಳಿ. ಸೂಪರ್ ಮಾರ್ಕೆಟ್ಟಿನಲ್ಲಿ ಕೊನೇ ಪಕ್ಷ ತರಕಾರಿ ತೂಗುವ ತಕ್ಕಡಿ ಇರುತ್ತದೆ.

ಅಲ್ಲಿ ಅದೇ ಬ್ಯಾಚ್ ನಂಬರಿನ ಐದು ಪ್ಯಾಕೆಟ್ ತೂಗಿದಿರಿ ಅನ್ನಿ. ಕವರ್ ಕಳೆದ ಮೇಲೆ ಕೊರತೆ 25, 18, 21, 12, 24 ಗ್ರಾಂ. ಸರಾಸರಿ 20 ಗ್ರಾಂ ಕಡಿಮೆ, ಒಂದರಲ್ಲೂ ಜಾಸ್ತಿ ಇಲ್ಲ. ಇದು ತುಂಬುವ ಕಡೆಯೇ ಆಗಿರುವ ಕೆಲಸ, ದೂರು ಕೊಡಿ. ಬದಲಿಗೆ ಒಂದರಲ್ಲಿ 8 ಕಡಿಮೆ, ಒಂದರಲ್ಲಿ 3 ಜಾಸ್ತಿ, ಒಂದರಲ್ಲಿ 5 ಕಡಿಮೆ, ಮತ್ತೆರಡರಲ್ಲಿ 6 ಮತ್ತು 4 ಜಾಸ್ತಿ ಬಂದಿದ್ದರೆ ಸುಮ್ನೆ ಮನೆಗೆ ಬನ್ನಿ.

ಐದು ಪ್ಯಾಕೆಟ್ಟಿನ ಲೆಕ್ಕ ನಿಮ್ಮ ಸಮಾಧಾನಕ್ಕೆ ಮಾತ್ರ. ಇಲಾಖೆಯವರು ದೊಡ್ಡ ಲಾಟಿನಿಂದ ಹೆಚ್ಚು ಪ್ಯಾಕೆಟ್ಟುಗಳನ್ನು ತೆಗೆದು ತಮ್ಮ ತಕ್ಕಡಿಯಲ್ಲಿ ತೂಗಿದ್ದೇ ಸಾಕ್ಷಿ. ಒಡೆದ ಪ್ಯಾಕೆಟ್ ಯಾವ ಸಾಕ್ಷಿಗೂ ಬರುವುದಿಲ್ಲ.

ಎಣ್ಣೆ ಒಂದು ಲೀಟರ್ ಅಂತಾರೆ, ತೂಗಿದರೆ ಒಂದು ಕೆಜಿ ಬರುವುದಿಲ್ಲವಲ್ಲ?

ಬರಬಾರದು ಕೂಡ. ಎಣ್ಣೆ ನೀರಿಗಿಂತ ಹಗುರ. ಸಾಧಾರಣ ಬಿಸಿಲಿನ ಹೊತ್ತಿನ ಒಂದು ಲೀಟರ್ ಅಡುಗೆ ಎಣ್ಣೆ ಸುಮಾರು 910 ಗ್ರಾಂ.

ಆದರೆ ಎಣ್ಣೆ ಬಿಸಿಯಾದರೆ ಹಿಗ್ಗುತ್ತದೆ. ಒಂದು ಲೀಟರ್ ಸೋಯಾ ಎಣ್ಣೆ 21 ಡಿಗ್ರಿಯಲ್ಲಿ 919 ಗ್ರಾಂ, 60 ಡಿಗ್ರಿಯಲ್ಲಿ ಸುಮಾರು 893 ಗ್ರಾಂ. ಪ್ಯಾಕೆಟ್ ಮೇಲೆ ‘60 ಡಿಗ್ರಿಯಲ್ಲಿ ಒಂದು ಲೀಟರ್’ ಎಂದು ಸಣ್ಣದಾಗಿ ಅಚ್ಚು ಹಾಕಿದರೆ 26 ಗ್ರಾಂ ಎಣ್ಣೆ ಉಳಿಸಬಹುದು. 60 ಡಿಗ್ರಿಯಲ್ಲಿ ಯಾರ ಮನೆಯಲ್ಲಿ ಎಣ್ಣೆ ಇಡುತ್ತಾರೆ ಹೇಳಿ! ಇದಕ್ಕೇ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 2022ರಲ್ಲಿ ಡಿಗ್ರಿ ಬರೆಯದೆ ಲೀಟರ್ ಹಾಕಿ, ಜೊತೆಗೆ ತೂಕವನ್ನೂ ಹಾಕಿ ಎಂದು ಕಂಪನಿಗಳಿಗೆ ಹೇಳಿತು. ಎರಡು ಬ್ರ್ಯಾಂಡಿನ ನಡುವೆ ಆರಿಸುವಾಗ ಲೀಟರ್ ಬಿಡಿ, ಗ್ರಾಂ ಓದಿ.

ಬೆಲೆ ಅದೇ ಇದೆ, ಪ್ಯಾಕೆಟ್ ಮಾತ್ರ ತೆಳ್ಳಗಾಗುತ್ತಿದೆ. ಇದಕ್ಕೆ ತಡೆ ಇಲ್ಲವೇ?

ಒಳಗಿರುವಷ್ಟನ್ನೇ ಅಚ್ಚು ಹಾಕಿದ್ದರೆ ಇದು ಅಪರಾಧ ಅಲ್ಲ. ಮೊದಲು ಬಿಸ್ಕತ್ತು, ಚಹಾಪುಡಿ ಮುಂತಾದವನ್ನು ಇಂತಿಷ್ಟೇ ಗ್ರಾಂನ ಪ್ಯಾಕೆಟ್ಟಿನಲ್ಲಿ ಮಾರಬೇಕೆಂಬ ಪಟ್ಟಿ ಇತ್ತು. 2022ರ ಏಪ್ರಿಲ್‌ನಿಂದ ಆ ಪಟ್ಟಿ ಇಲ್ಲ. ಅದಕ್ಕೇ ಈಗ 87 ಗ್ರಾಂ, 430 ಗ್ರಾಂ ಅಂತ ಎಂಥೆಂಥದೋ ತೂಕ ಕಾಣುವುದು.

ಬದಲಿಗೆ ಬಂದದ್ದು ಘಟಕದ ಬೆಲೆ. ಎಂಆರ್‌ಪಿಯ ಹತ್ತಿರವೇ ಒಂದು ಗ್ರಾಂಗೆ ಇಷ್ಟು, ಒಂದು ಕೆಜಿಗಿಂತ ದೊಡ್ಡದಾದರೆ ಕೆಜಿಗೆ ಇಷ್ಟು ಎಂದು ಅಚ್ಚಾಗಿರುತ್ತದೆ. ಹೋಲಿಸಬೇಕಾದ ಅಂಕಿ ಅದೇ. ‘ಫ್ಯಾಮಿಲಿ ಪ್ಯಾಕ್’ ಯಾವಾಗಲೂ ಅಗ್ಗ ಅಂದುಕೊಳ್ಳಬೇಡಿ.

ನಮ್ಮ ಹಾಲಿನ ಪ್ಯಾಕೆಟ್ಟನ್ನೇ ನೋಡಿ. 2024ರ ಜೂನ್‌ನಲ್ಲಿ ನಂದಿನಿ ಪ್ಯಾಕೆಟ್ಟಿಗೆ ಎರಡು ರೂಪಾಯಿ ಏರಿಸಿ 50 ಮಿಲಿ ಹಾಲು ಜಾಸ್ತಿ ಕೊಟ್ಟರು. ಅರ್ಧ ಲೀಟರ್ ಇದ್ದದ್ದು 550 ಮಿಲಿ ಆಯಿತು. 2025ರ ಏಪ್ರಿಲ್‌ನಲ್ಲಿ ದರ ಏರಿಸಿದಾಗ ಆ 50 ಮಿಲಿ ವಾಪಸು ಹೋಯಿತು. ಎಲ್ಲವನ್ನೂ ಹೇಳಿಯೇ ಮಾಡಿದರು. ಆದರೂ ಪ್ಯಾಕೆಟ್ಟಿನ ಬೆಲೆ ಮಾತ್ರ ನೋಡುವವರಿಗೆ ಏರಿಕೆ ಪೂರ್ತಿ ಕಾಣಿಸಲಿಲ್ಲ.

ಅಕ್ಕಿಯ 26 ಕೆಜಿ ಚೀಲವೂ ಹೀಗೇ ಲೆಕ್ಕ ತಪ್ಪಿಸುತ್ತದೆ. 2022ರ ಜುಲೈನಲ್ಲಿ 25 ಕೆಜಿವರೆಗಿನ ಪ್ಯಾಕ್ ಮಾಡಿದ ಅಕ್ಕಿಗೆ ಜಿಎಸ್‌ಟಿ ಬಂದ ಮೇಲೆ ಹುಟ್ಟಿದ ಚೀಲ ಅದು. ಪಕ್ಕದಂಗಡಿಯ 25 ಕೆಜಿಯ ಜೊತೆ ಹೋಲಿಸುವಾಗ 26ರಿಂದ ಭಾಗಿಸಿ.

ಎಂಆರ್‌ಪಿಗಿಂತ ಒಂದೆರಡು ರೂಪಾಯಿ ಜಾಸ್ತಿ ಕೇಳುತ್ತಾರೆ. ಫ್ರಿಜ್ ಖರ್ಚು ಅಂತಾರೆ.

ಎಂಆರ್‌ಪಿಯಲ್ಲಿ ಎಲ್ಲ ತೆರಿಗೆಯೂ ಸೇರಿದೆ, ಅಂಗಡಿಯವರ ಲಾಭವೂ ಸೇರಿದೆ. ತಣ್ಣಗೆ ಮಾಡಿದ್ದಕ್ಕೆ, ಹಾಲು ಬೆಳಗ್ಗೆ ಬೇಗ ತಂದದ್ದಕ್ಕೆ ಎಂದು ಅದರ ಮೇಲೆ ತಗೊಳ್ಳುವಂತಿಲ್ಲ. ಕಡಿಮೆಗೆ ಮಾರಬಹುದು, ಅದು ಅವರಿಷ್ಟ. ರೈಲು ನಿಲ್ದಾಣದಲ್ಲೂ ಇದೇ. ರೈಲ್ ನೀರ್ ಒಂದು ಲೀಟರಿಗೆ 2025ರ ಸೆಪ್ಟೆಂಬರ್ 22ರಿಂದ 14 ರೂಪಾಯಿ, ಮೊದಲು 15 ಇತ್ತು.

ಹೋಟೆಲಿನಲ್ಲಿ ಕೂತು ತಿನ್ನುವಾಗ ಮಾತ್ರ ಲೆಕ್ಕ ಬೇರೆ. ಹೋಟೆಲಿನವರು ಬರೀ ಬಾಟಲಿ ಮಾರುವುದಿಲ್ಲ, ಸೇವೆಯನ್ನೂ ಕೊಡುತ್ತಾರೆ. ಹಾಗಾಗಿ ನೀರಿಗೆ ಎಂಆರ್‌ಪಿಗಿಂತ ಹೆಚ್ಚು ತಗೊಳ್ಳಬಹುದು ಎಂದು ಸುಪ್ರೀಂ ಕೋರ್ಟ್ 2017ರ ಡಿಸೆಂಬರ್‌ನಲ್ಲಿ ಹೇಳಿತು. ನನಗೆ ಈ ತೀರ್ಪು ಅಷ್ಟು ರುಚಿಸುವುದಿಲ್ಲ, ಆದರೆ ಕಾನೂನು ಸದ್ಯಕ್ಕೆ ಹಾಗಿದೆ. ಮೂಲೆಯ ಅಂಗಡಿಗೆ ಇದು ಅನ್ವಯಿಸುವುದಿಲ್ಲ.

ಎಂಆರ್‌ಪಿ ಮೇಲೆ ಸ್ಟಿಕರ್ ಇದ್ದರೆ ಉಗುರಿನಲ್ಲಿ ಕೆರೆದು ನೋಡಿ. ಬೆಲೆ ಇಳಿಸಿದ ಸ್ಟಿಕರ್ ಹಾಕಬಹುದು, ಅದೂ ಹಳೆಯ ಬೆಲೆ ಮುಚ್ಚದ ಹಾಗೆ. ಅಂಗಡಿಯವರು ಹಳೆಯದನ್ನು ಅಳಿಸುವುದು, ಮುಚ್ಚುವುದು, ಏರಿಸಿ ಅಂಟಿಸುವುದು ತಪ್ಪು.

ದೂರು ಎಲ್ಲಿ ಕೊಡಬೇಕು? ಕೊಟ್ಟರೆ ದುಡ್ಡು ವಾಪಸು ಬರುತ್ತದೆಯೇ?

ಒಂದೆರಡು ರೂಪಾಯಿ, ಡಬ್ಬಿಯ ತೂಕ ಇಂಥವು ಸಾಮಾನ್ಯವಾಗಿ ಅಂಗಡಿಯಲ್ಲೇ ಮುಗಿಯುತ್ತವೆ. ‘ಬಿಲ್ ಕೊಡಿ’ ಅಂದರೇ ಅರ್ಧ ಕೆಲಸ ಆಗುತ್ತದೆ. ಬಿಲ್ ಕೊಡದಿರುವುದೇ ಗ್ರಾಹಕ ಕಾಯ್ದೆಯ ಪ್ರಕಾರ ತಪ್ಪು ವ್ಯಾಪಾರ.

ಮುಗಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ತಕ್ಕಡಿಯ ಅಥವಾ ಪ್ಯಾಕೆಟ್ ತೂಕದ ವಿಷಯವಾದರೆ ನಿಮ್ಮ ಭಾಗದ ಕಾನೂನು ಮಾಪನಶಾಸ್ತ್ರ ನಿರೀಕ್ಷಕರಿಗೆ ಬರೆದು ಕೊಡಿ. ಅಂಗಡಿಯ ಹೆಸರು, ದಿನ, ಹೊತ್ತು, ಬಿಲ್, ಪ್ಯಾಕೆಟ್ಟಿನ ಎಲ್ಲ ಬದಿಯ ಫೋಟೋ, ಬ್ಯಾಚ್ ನಂಬರ್ ಇರಲಿ. ತಕ್ಕಡಿಯ ಪರದೆಯ ಫೋಟೋ ಇದ್ದರೆ ಇನ್ನೂ ಒಳ್ಳೆಯದು.

ಇಲಾಖೆ ಕ್ರಮ ತಗೊಂಡರೆ ದಂಡ ಸರ್ಕಾರಕ್ಕೆ ಹೋಗುತ್ತದೆ, ನಿಮ್ಮ ಕೈಗಲ್ಲ. ನಿಮಗಾದ ನಷ್ಟಕ್ಕೆ ಪರಿಹಾರ ಬೇಕೆಂದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬೇಕು. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಅಲ್ಲಿ ಶುಲ್ಕವಿಲ್ಲ, ವಕೀಲರಿಲ್ಲದೆ ನೀವೇ ವಾದಿಸಬಹುದು. ಎರಡು ರೂಪಾಯಿಗೆ ಅಷ್ಟು ಓಡಾಟ ಬೇಕಾ ಅನ್ನುವುದು ನಿಮಗೆ ಬಿಟ್ಟದ್ದು. ಇಲಾಖೆಗೆ ಕೊಡುವ ಒಂದು ಹಾಳೆಯ ದೂರಿಗೆ ಮಾತ್ರ ಅಷ್ಟು ಯೋಚಿಸಬೇಕಾಗಿಲ್ಲ.